ಡೆಮಾ, ಟೆಮಾ: ಸರಾಸರಿಯ ಸರಾಸರಿ ತೆಗೆದರೆ ಗೆರೆ ವೇಗ ಆಗೋದು ಹೇಗೆ?

ಕಿರಣ್_ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ದಿನದ ಚಾರ್ಟ್‌ನಲ್ಲಿ 9 ದಿನದ ಇಎಂಎ, ಅಂದರೆ ಹೊಸ ಬೆಲೆಗೆ ಹೆಚ್ಚು ತೂಕ ಕೊಡುವ ಸರಾಸರಿ ಗೆರೆ, ಹಾಕಿಕೊಂಡು ನೋಡುತ್ತೇನೆ. ಬೆಲೆ ತಿರುಗಿ ಮೂರ್ನಾಲ್ಕು ದಿನ ಆದ ಮೇಲೆ ಗೆರೆ ತಿರುಗುತ್ತದೆ, ಅದೇ ತೊಂದರೆ. ಗೆಳೆಯರೊಬ್ಬರು ಡಬಲ್ ಇಎಂಎ, ಅಂದರೆ ಡೆಮಾ ಹಾಕಿ ನೋಡು ಅಂದರು. ಹಾಕಿದೆ, ನಿಜವಾಗಿಯೂ ಗೆರೆ ಬೆಲೆಗೆ ಅಂಟಿಕೊಂಡ ಹಾಗೆ ಹೋಗುತ್ತದೆ. ಆದರೆ ಸೂತ್ರ ನೋಡಿದರೆ ತಲೆಗೆ ಹತ್ತುತ್ತಿಲ್ಲ.

```
EMA1 = EMA(price, N)
EMA2 = EMA(EMA1, N)
EMA3 = EMA(EMA2, N)

DEMA = 2*EMA1 - EMA2
TEMA = 3*EMA1 - 3*EMA2 + EMA3
```

ಸರಾಸರಿ ತೆಗೆದಷ್ಟೂ ಗೆರೆ ನಿಧಾನ ಆಗಬೇಕು ಅಲ್ವಾ? ಇಲ್ಲಿ ಎರಡು ಸಲ, ಮೂರು ಸಲ ತೆಗೆದ ಮೇಲೆ ಅದು ವೇಗ ಆಗೋದು ಎಲ್ಲಿಂದ? ಆ 2, 3 ಅನ್ನೋ ಅಂಕಿಗಳು ಸುಮ್ನೆ ಹೊಂದಿಸಿದ್ದಾ, ಅಥವಾ ಹಿಂದೆ ಲೆಕ್ಕ ಇದೆಯಾ?

---

ಶಿವು_ಚಾರ್ಟ್

ಕಿರಣ್, ನಾನು ತ್ರಿಬಲ್ ಇಎಂಎ ಬಹಳ ದಿನದಿಂದ ಬಳಸುತ್ತಿದ್ದೇನೆ. 4, 9, 18 ಮೂರೂ ಗೆರೆ ಹಾಕು. 4 ಮೇಲೆ, 9 ಮಧ್ಯ, 18 ಕೆಳಗೆ ಬಂದರೆ ಖರೀದಿ. ಉಲ್ಟಾ ಆದರೆ ಹೊರಗೆ ಬಾ. ಸೂತ್ರದ ತಲೆನೋವು ಯಾಕೆ?

---

ಸುಧಾ_ಮೈಸೂರು

ಶಿವು ಅವರೇ, ನೀವು ಹೇಳ್ತಿರೋದು ಮೂರು ಬೇರೆ ಬೇರೆ ಇಎಂಎಗಳ ಕ್ರಾಸ್‌ಓವರ್. ಕಿರಣ್ ಕೇಳಿರುವುದು ಒಂದೇ ಗೆರೆ, ಅದನ್ನು ಮೂರು ಹಂತದಲ್ಲಿ ಮಾಡಿರುತ್ತಾರೆ. ಎರಡೂ ಬೇರೆ ವಿಷಯ. ಟ್ರಿಕ್ಸ್ ಅಂತ ಇನ್ನೊಂದು ಇದೆ, ಅದು ಮೂರು ಸಲ ಇಎಂಎ ತೆಗೆದ ಗೆರೆ ದಿನಕ್ಕೆ ಎಷ್ಟು ಶೇಕಡಾ ಬದಲಾಯಿತು ಅಂತ ತೋರಿಸುತ್ತದೆ. ಅಲ್ಲಿ ಕಳೆಯುವ ಹಂತ ಇಲ್ಲ, ಹಾಗಾಗಿ ಅದು ನಿಜಕ್ಕೂ ನಿಧಾನ. ಹೆಸರಲ್ಲಿ "ಮೂರು" ಇದೆ ಅಂತ ಇವನ್ನು ಒಂದೇ ಗುಂಪಿಗೆ ಸೇರಿಸಬಾರದು.

ಕಿರಣ್, ನಿಮ್ಮ ಅನುಮಾನ ಸರಿಯಾಗಿಯೇ ಇದೆ. EMA2 ನಿಜವಾಗಿ ನಿಧಾನವೇ. ಅದು ಎಷ್ಟು ನಿಧಾನ ಅನ್ನೋದನ್ನೇ ಈ ಸೂತ್ರ ಉಪಯೋಗಿಸಿಕೊಳ್ಳುತ್ತದೆ.

ಒಂದು ಶೇರು ದಿನಕ್ಕೆ ಸರಿಯಾಗಿ 1 ರೂಪಾಯಿ ಏರುತ್ತಾ ಬಂದಿದೆ ಅಂದುಕೊಳ್ಳಿ. ಇವತ್ತು 120. ನಿಮ್ಮ 9 ದಿನದ ಇಎಂಎಗೆ ಆಲ್ಫಾ, ಅಂದರೆ ಇವತ್ತಿನ ಬೆಲೆಗೆ ಸಿಗುವ ತೂಕ, 2/(9+1), ಅಂದರೆ 0.2. ಹೀಗೆ ಒಂದೇ ಸಮನೆ ಏರುವ ಬೆಲೆಯಿಂದ ಇಎಂಎ (N-1)/2 ದಿನ ಹಿಂದೆ ಇರುತ್ತದೆ. ಇಲ್ಲಿ 4 ದಿನ. ದಿನಕ್ಕೊಂದು ರೂಪಾಯಿ ಆದ್ದರಿಂದ 4 ರೂಪಾಯಿ ಹಿಂದೆ, ಅಂದರೆ EMA1 116ರಲ್ಲಿ ಇದೆ.

ಈಗ EMA2 ನೋಡಿ. ಅದಕ್ಕೆ EMA1 ಅನ್ನೋದೇ ಬೆಲೆ. ಅದೂ ದಿನಕ್ಕೆ 1 ರೂಪಾಯಿ ಏರುತ್ತಿದೆ. ಹಾಗಾಗಿ EMA2 ಅದಕ್ಕಿಂತ ಇನ್ನೂ 4 ಹಿಂದೆ, 112. EMA3 108.

ಬೆಲೆಯಿಂದ EMA1 ಎಷ್ಟು ಹಿಂದೆ ಬಿದ್ದಿದೆಯೋ, EMA1ನಿಂದ EMA2 ಅಷ್ಟೇ ಹಿಂದೆ ಬಿದ್ದಿದೆ. ಆ 4 ರೂಪಾಯಿ ಅಂತರವನ್ನು EMA1ಗೆ ವಾಪಸ್ ಸೇರಿಸಿ: 116 + (116 - 112) = 120. ಇದನ್ನೇ ಚಿಕ್ಕದಾಗಿ ಬರೆದರೆ 2*EMA1 - EMA2. ಟೆಮಾ ಕೂಡ ಅಲ್ಲಿಗೇ ಬರುತ್ತದೆ: 348 - 336 + 108 = 120.

ಲ್ಯಾಗ್ ಕಮ್ಮಿ ಆಗೋದು ಸರಾಸರಿ ತೆಗೆಯೋದರಿಂದ ಅಲ್ಲ, ಕಳೆಯೋದರಿಂದ.

---

ಕಿರಣ್_ತಿಪಟೂರು

ಮೇಡಂ, ಇದು ಈಗ ಕಣ್ಣಿಗೆ ಕಾಣಿಸಿತು. ಆದರೆ ಡೆಮಾನೇ 120 ಕೊಟ್ಟರೆ ಟೆಮಾ ಯಾಕೆ ಬೇಕು? ಮತ್ತೆ 3, -3, 1 ಎಲ್ಲಿಂದ ಬಂತು?

---

ಸುಧಾ_ಮೈಸೂರು

ಇದನ್ನು ಇನ್ನೊಂದು ಕಡೆಯಿಂದ ನೋಡಿದರೆ ಸುಲಭ. ಬೆಲೆಯಿಂದ EMA1 ಕಳೆದರೆ ಒಂದಷ್ಟು ಉಳಿಕೆ ಸಿಗುತ್ತದೆ. ಆ ಉಳಿಕೆಯಲ್ಲಿ ದಿನದಿನದ ಕುಲುಕಾಟವೂ ಇರುತ್ತದೆ, ಇಎಂಎ ಹಿಡಿಯದೆ ಬಿಟ್ಟ ಟ್ರೆಂಡೂ ಇರುತ್ತದೆ. ಆ ಉಳಿಕೆಗೇ ಅದೇ 9 ದಿನದ ಇಎಂಎ ಹಾಕಿ. ಕುಲುಕಾಟ ಬಹುಪಾಲು ಇಳಿಯುತ್ತದೆ, ಬಿಟ್ಟುಹೋದ ಟ್ರೆಂಡ್ ಮೇಲೆ ಬರುತ್ತದೆ. ಅದನ್ನು EMA1ಗೆ ಸೇರಿಸಿ. ಬರೋದು ಡೆಮಾ.

ಈಗ ಬೆಲೆಯಿಂದ ಡೆಮಾ ಕಳೆಯಿರಿ. ಮತ್ತೆ ಉಳಿಕೆ. ಅದಕ್ಕೂ ಇಎಂಎ ಹಾಕಿ ಡೆಮಾಗೆ ಸೇರಿಸಿ. ಬರೋದು ಟೆಮಾ.

```
DEMA = EMA1 + EMA(price - EMA1)
TEMA = DEMA + EMA(price - DEMA)
```

ಕಾಗದದ ಮೇಲೆ ಬಿಡಿಸಿ ನೋಡಿ, 3, -3, 1 ತಾನಾಗಿ ಬೀಳುತ್ತದೆ. ಒಂದೇ ಸಮನೆ ಏರುವ ಬೆಲೆಗೆ ಡೆಮಾ ಸಾಕು. ಏರುವ ವೇಗವೇ ದಿನದಿಂದ ದಿನಕ್ಕೆ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತಿದ್ದರೆ ಡೆಮಾ ಸ್ವಲ್ಪ ಹಿಂದೆ ಉಳಿಯುತ್ತದೆ, ಟೆಮಾ ಉಳಿಯುವುದಿಲ್ಲ. ಟೆಮಾದ ಹೆಚ್ಚುಗಾರಿಕೆ ಅಷ್ಟೇ.

---

ಬಸವರಾಜ_ಹುಬ್ಬಳ್ಳಿ

ಅಷ್ಟೇ ಅಂದ್ರೆ ಹೆಂಗ್ರಿ ಮೇಡಂ? ಲ್ಯಾಗ್ ಸೊನ್ನೆ ಅಂತ ನೀವೇ ತೋರಿಸಿದ್ರಿ. ನಾನು ಹದಿನೈದು ನಿಮಿಷದ ಚಾರ್ಟ್‌ನಲ್ಲಿ ಟೆಮಾ ಬಿಟ್ಟು ಬೇರೆ ಏನೂ ಇಡಲ್ಲ. ಬೆಲೆ ಟೆಮಾ ದಾಟಿದ ಕೂಡಲೇ ಒಳಗೆ, ಕೆಳಗೆ ಬಿದ್ದ ಕೂಡಲೇ ಹೊರಗೆ. ಲ್ಯಾಗ್ ಇಲ್ಲದ ಗೆರೆ ಸಿಕ್ಕ ಮೇಲೆ ಹಳೇ ಇಎಂಎ ಯಾಕೆ ಬೇಕು? ಕಿರಣ್, ನೇರವಾಗಿ ಟೆಮಾಗೆ ಹೋಗಿ.

---

ಸುಧಾ_ಮೈಸೂರು

ಬಸವರಾಜ ಅವರೇ, ಅರ್ಧ ಒಪ್ಪುತ್ತೇನೆ. ಲ್ಯಾಗ್ ಸೊನ್ನೆ ಆಗೋದು ಬೆಲೆ ನೇರ ಗೆರೆಯಲ್ಲಿ, ಟೆಮಾಗಾದರೆ ಒಂದೇ ಪ್ರಮಾಣದಲ್ಲಿ ವೇಗ ಹೆಚ್ಚುತ್ತಾ ಹೋಗುವ ಗೆರೆಯಲ್ಲೂ, ಹೋಗುತ್ತಿರುವಾಗ ಮಾತ್ರ. ಬೆಲೆ ಒಮ್ಮೆಲೇ ಜಿಗಿದರೆ ಕಥೆ ಬೇರೆ. ಬಹಳ ದಿನ 100ರಲ್ಲಿ ನಿಂತಿದ್ದ ಶೇರು ಒಂದು ದಿನ 110ಕ್ಕೆ ಹಾರಿ ಅಲ್ಲೇ ನಿಂತಿತು ಅಂದುಕೊಳ್ಳಿ. ಮೂರಕ್ಕೂ N = 9:

```
ದಿನ    EMA      DEMA     TEMA
 1    102.00   103.60   104.88
 2    103.60   106.16   107.95
 3    104.88   107.95   109.80
 4    105.90   109.18   110.82
 5    106.72   110.00   111.31
 6    107.38   110.52   111.47
 9    108.66   111.07   111.07
```

ಇಎಂಎ ಯಾವತ್ತೂ 110 ದಾಟುವುದಿಲ್ಲ. ನಿಧಾನವಾಗಿ ಹತ್ತಿರ ಬರುತ್ತದೆ ಅಷ್ಟೇ. ಡೆಮಾ 5ನೇ ದಿನ ಸರಿಯಾಗಿ 110 ಮುಟ್ಟಿ, ಆಮೇಲೆ ದಾಟಿ 111.07ರವರೆಗೂ ಹೋಗುತ್ತದೆ. ಟೆಮಾ 4ನೇ ದಿನಕ್ಕೇ ದಾಟಿ 111.47 ಮುಟ್ಟುತ್ತದೆ. ಆ ಬೆಲೆಗೆ ಶೇರು ಒಂದು ದಿನವೂ ವ್ಯಾಪಾರ ಆಗಿಲ್ಲ. ಜಿಗಿತ 10 ರೂಪಾಯಿ. ಅದರ ಮೇಲೆ ಡೆಮಾ ಸುಮಾರು ಶೇಕಡಾ 11, ಟೆಮಾ ಸುಮಾರು ಶೇಕಡಾ 15 ಹೆಚ್ಚುವರಿ ಹೋಯಿತು.

ಕಾರಣ, ಡೆಮಾದಲ್ಲಿ ಹಳೇ ಬೆಲೆಗಳಿಗೆ ಮೈನಸ್ ತೂಕ ಸಿಗುತ್ತದೆ. ಇಎಂಎನಲ್ಲಿ ಎಷ್ಟೇ ಹಳೇ ಬೆಲೆ ಆದರೂ ತೂಕ ಪ್ಲಸ್, ಚಿಕ್ಕದಿರಬಹುದು ಅಷ್ಟೇ. ಡೆಮಾದಲ್ಲಿ ಸರಿಯಾಗಿ N ದಿನ ಹಿಂದಿನ ಬೆಲೆಗೆ ತೂಕ ಸೊನ್ನೆ, ಅದಕ್ಕಿಂತ ಹಿಂದಿನದಕ್ಕೆಲ್ಲ ಮೈನಸ್. ಹಳೇ ಬೆಲೆ 100 ಅನ್ನೋದು ಕಮ್ಮಿ ಇದ್ದದ್ದಕ್ಕೇ ಗೆರೆಯನ್ನು ಮೇಲಕ್ಕೆ ತಳ್ಳುತ್ತದೆ.

ನಿಮ್ಮ ಎರಡನೇ ಮಾತು, ಬೆಲೆ ಗೆರೆ ದಾಟಿದ ಕೂಡಲೇ ಒಳಗೆ ಹೊರಗೆ ಅನ್ನೋದು. ಟ್ರೆಂಡ್ ನಡೆಯುವಾಗ ಗೆರೆ ಬೆಲೆಯ ಮೇಲೇ ಕೂತಿರುತ್ತದೆ ಅಂತ ಈಗಷ್ಟೇ ನೋಡಿದೆವು. ಮೇಲೇ ಕೂತಿದ್ದರೆ ಚಿಕ್ಕ ಕುಲುಕಾಟಕ್ಕೂ ಬೆಲೆ ಅದನ್ನು ದಾಟುತ್ತದೆ. ಇಎಂಎ 4 ರೂಪಾಯಿ ಕೆಳಗೆ ಇದ್ದದ್ದರಿಂದ ಒಂದು ದಿನ 2 ರೂಪಾಯಿ ಬಿದ್ದರೂ ನೀವು ಒಳಗೇ ಇರುತ್ತಿದ್ದಿರಿ. ಆ ಲ್ಯಾಗ್ ನಿಮಗೆ ಜಾಗ ಕೊಡುತ್ತಿತ್ತು. ಡೆಮಾ, ಟೆಮಾಗಳಲ್ಲಿ ಆ ಜಾಗವೇ ಇರಲ್ಲ. ಬೆಲೆಯ ಜೊತೆ ಹೋಲಿಸುವ ಬದಲು ಗೆರೆಯ ಓರೆ ತಿರುಗಿತಾ ಅಂತ ನೋಡಿ, ಇಲ್ಲವೇ ಚಿಕ್ಕ ಡೆಮಾ, ದೊಡ್ಡ ಡೆಮಾ ಎರಡನ್ನೂ ಇಟ್ಟು ನೋಡಿ.

---

ಬಸವರಾಜ_ಹುಬ್ಬಳ್ಳಿ

ಕುಲುಕಾಟ ಜಾಸ್ತಿ ಅನ್ನೋದು ಹೌದ್ರಿ. ಪಕ್ಕಕ್ಕೆ ಹೋಗೋ ದಿನ ನಾಲ್ಕೈದು ಸಲ ಒಳಗೆ ಹೊರಗೆ ಆಗ್ತದೆ. ಆದರೂ ಓಟ ಶುರುವಾದ ದಿನ ಮೊದಲು ಹಿಡಿಯೋದು ಟೆಮಾನೇ. ಆ ಒಂದು ದಿನ ಉಳಿದದ್ದನ್ನೆಲ್ಲ ತುಂಬಿಕೊಡ್ತದೆ. ಅದನ್ನು ನಾನು ಬಿಡಲ್ಲ.

---

ವಿನಯ್_ಪೈಥಾನ್

ಈ ಚರ್ಚೆಗೆ ಒಂದು ಪ್ರಾಯೋಗಿಕ ವಿಷಯ. ಡೆಮಾ ಲೆಕ್ಕ ಎರಡು ಕಡೆ ಮಾಡಿದರೆ ಎರಡು ಬೇರೆ ಉತ್ತರ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಸೂತ್ರ ಒಂದೇ, ಶುರು ಬೇರೆ. ನಾನು ಬಳಸೋದು ಇದು:

```python
def ema(s, n):
    return s.ewm(span=n, adjust=False).mean()

e1 = ema(p, n)
e2 = ema(e1, n)
e3 = ema(e2, n)
dema = 2*e1 - e2
tema = 3*e1 - 3*e2 + e3
```

`adjust=False` ಹಾಕಿದರೆ ಪಾಂಡಾಸ್ ಮೊದಲ ಬೆಲೆಯನ್ನೇ ಮೊದಲ ಇಎಂಎ ಅಂತ ಇಟ್ಟುಕೊಂಡು ಮುಂದೆ ಹೋಗುತ್ತದೆ. ಅದನ್ನು ಹಾಕದೇ ಬಿಟ್ಟರೆ ಶುರುವಿನ ದಿನಗಳಲ್ಲಿ ತೂಕ ಬೇರೆ ಥರ ಹಂಚುತ್ತದೆ. ಟಿಎ-ಲಿಬ್ ಅನ್ನೋ ಇನ್ನೊಂದು ಲೈಬ್ರರಿ ಸಾಮಾನ್ಯವಾಗಿ ಮೊದಲ N ಬೆಲೆಗಳ ಸಾದಾ ಸರಾಸರಿಯಿಂದ ಶುರು ಮಾಡುತ್ತದೆ. ಅಲ್ಲಿ ಡೆಮಾದ ಮೊದಲ 2*(N-1) ಸಾಲು ಖಾಲಿ, ಟೆಮಾದ ಮೊದಲ 3*(N-1) ಸಾಲು ಖಾಲಿ. N = 20 ಇಟ್ಟರೆ ಡೆಮಾ 39ನೇ ಕ್ಯಾಂಡಲ್‌ಗೆ, ಟೆಮಾ 58ನೇ ಕ್ಯಾಂಡಲ್‌ಗೆ ಮೊದಲು ಕಾಣಿಸುತ್ತದೆ.

20 ದಿನದ ಗೆರೆಗೆ ನೂರು ಕ್ಯಾಂಡಲ್ ದಾಟಿದ ಮೇಲೆ ಶುರುವಿನ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ತೊಂದರೆ ಆಗೋದು 200 ದಿನದ ಟೆಮಾ ಹಾಕುವವರಿಗೆ. ಗೆರೆಯ ಮೊದಲ ಅಂಕಿ ಕಾಣಬೇಕಾದರೆ 598 ದಿನದ ವ್ಯಾಪಾರ ಬೇಕು, ಅಂದರೆ ಎರಡು ವರ್ಷಕ್ಕಿಂತ ಜಾಸ್ತಿ. ಹೊಸದಾಗಿ ಲಿಸ್ಟ್ ಆದ ಶೇರಿನಲ್ಲಿ ಅದು ಖಾಲಿ ಬಂದರೆ ಕೋಡ್ ತಪ್ಪಿದೆ ಅಂತ ಹುಡುಕಬೇಡಿ.

ಇನ್ನೊಂದು. ಬೋನಸ್, ಸ್ಪ್ಲಿಟ್ ಸರಿಹೊಂದಿಸದ ಡೇಟಾ ಮೇಲೆ ಡೆಮಾ ಹಾಕಲೇಬೇಡಿ. 1000 ರೂಪಾಯಿ ಶೇರಿಗೆ ಒಂದಕ್ಕೊಂದು ಬೋನಸ್ ಕೊಟ್ಟು ಬೆಲೆ 500ಕ್ಕೆ ಬಂತು ಅನ್ನಿ. ಸುಧಾ ಮೇಡಂ ಪಟ್ಟಿಯ ಲೆಕ್ಕವನ್ನೇ ತಿರುಗಿಸಿ ಹಾಕಿದರೆ, 9 ದಿನದ ಡೆಮಾ ಎರಡನೇ ವಾರದಲ್ಲಿ 446ರ ಹತ್ತಿರ ಹೋಗಿ ಬರುತ್ತದೆ. ಶೇರು 500ರಲ್ಲೇ ನಿಂತಿರುತ್ತದೆ, ಗೆರೆ ಮಾತ್ರ ಅದರ ಕೆಳಗೆ ಮುಳುಗಿ ಏಳುತ್ತದೆ. ಎಲ್ಲಾ ಬೆಲೆಗಳಿಗಿಂತ ಹೊರಗೆ ಗೆರೆ ಬಾಗಿದ್ದು ಕಂಡರೆ ಮೊದಲು ಡೇಟಾ ನೋಡಿ.

---

ಅಡಿಕೆ_ಸಾಗರ

ನಾನು ಶೇರು ಮಾಡುವವನಲ್ಲ. ನಮ್ಮ ತೋಟದ ಅಡಿಕೆ ಯಾವಾಗ ಮಾರುಕಟ್ಟೆಗೆ ಹಾಕಬೇಕು ಅಂತ ನೋಡಲು ಶಿವಮೊಗ್ಗದ ದರ ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಮಗ ಅದಕ್ಕೆ ಡೆಮಾ ಹಾಕಿಕೊಟ್ಟ. ಗೆರೆ ಒಮ್ಮೊಮ್ಮೆ ಭಾರಿ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತದೆ, ಮಾರುಕಟ್ಟೆಯಲ್ಲಿ ಅಂಥದ್ದೇನೂ ಆಗಿರುವುದಿಲ್ಲ. ಅಡಿಕೆಗೆ ಡೆಮಾ ಸರಿಹೋಗಲ್ಲ ಅಂತಲಾ?

---

ವಿನಯ್_ಪೈಥಾನ್

ಸರ್, ಒಂದು ಪ್ರಶ್ನೆ. ನೀವು ಬರೆದಿಡುವುದು ಒಂದೇ ಬಗೆಯ ದರವಾ? ಅಥವಾ ಆ ದಿನ ಸಿಕ್ಕಿದ ದರವಾ?

---

ಅಡಿಕೆ_ಸಾಗರ

ಹೆಚ್ಚಾಗಿ ರಾಶಿ. ರಾಶಿ ದರ ಸಿಗದ ದಿನ ಬೆಟ್ಟೆ ದರ ಬರೆದಿರುತ್ತೇನೆ. ಮಾರುಕಟ್ಟೆ ಇಲ್ಲದ ದಿನ ಸಾಲು ಖಾಲಿ ಬಿಡುವುದಿಲ್ಲ, ಮುಂದಿನ ವಹಿವಾಟಿನ ದಿನಕ್ಕೆ ಹೋಗುತ್ತೇನೆ.

---

ವಿನಯ್_ಪೈಥಾನ್

ಹಾಗಾದರೆ ಅಲ್ಲೇ ಸಿಕ್ಕಿತು ಸರ್. ರಾಶಿಯಿಂದ ಬೆಟ್ಟೆಗೆ ಹೋದ ದಿನ ಲೆಕ್ಕದಲ್ಲಿ ಒಂದು ಜಿಗಿತ ಬೀಳುತ್ತದೆ, ವಾಪಸ್ ಬಂದ ದಿನ ಇನ್ನೊಂದು. N = 9 ಇಟ್ಟರೆ ಇಎಂಎ ಅದರಲ್ಲಿ ಐದನೇ ಒಂದು ಭಾಗ ಮಾತ್ರ ತೆಗೆದುಕೊಳ್ಳುತ್ತದೆ, ಡೆಮಾ ಮೊದಲ ದಿನವೇ ಶೇಕಡಾ 36 ತೆಗೆದುಕೊಳ್ಳುತ್ತದೆ, ಟೆಮಾ ಹೆಚ್ಚುಕಮ್ಮಿ ಅರ್ಧ. ಡೆಮಾ, ಟೆಮಾದಲ್ಲಿ ಅದು ಅಷ್ಟಕ್ಕೇ ಮುಗಿಯಲ್ಲ. ಒಂದೇ ದಿನದ ತಪ್ಪು ಬೆಲೆ ಕೆಲವು ದಿನ ಆದ ಮೇಲೆ ಮೈನಸ್ ತೂಕಕ್ಕೆ ಜಾರಿ ಗೆರೆಯನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ರಾಶಿಗೆ ಒಂದು ಕಾಲಂ, ಬೆಟ್ಟೆಗೆ ಒಂದು ಕಾಲಂ ಮಾಡಿ. ದರ ಇಲ್ಲದ ದಿನ ಆ ಕಾಲಂನಲ್ಲಿ ಸಾಲೇ ಬೇಡ.

ಹಾಗೆ ಮಾಡಿದಾಗ 9 ಅನ್ನೋದು ಒಂಬತ್ತು ವಹಿವಾಟು ಅಂತ ಆಗುತ್ತದೆ, ಒಂಬತ್ತು ದಿನ ಅಲ್ಲ. ವಾರದಲ್ಲಿ ಎರಡೇ ದಿನ ದರ ಸಿಗುವ ಬಗೆಗೆ ಅದು ತಿಂಗಳ ಮೇಲೆ ಆಗಬಹುದು. ಅದನ್ನು ನೆನಪಿಟ್ಟು N ಆರಿಸಿ.

---

ಜಯಣ್ಣ_ಸ್ಟೋರ್ಸ್

ಸ್ನೇಹಿತರೇ, ನಾನು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಬಿಡಿಭಾಗಗಳ ಬೇಡಿಕೆ ಅಂದಾಜು ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು. ನೀವು ಡೆಮಾ ಅನ್ನೋ ಸೂತ್ರ ನೋಡಿ ಸಂತೋಷವಾಯಿತು. ನಮಗೆ ಇದು ಬ್ರೌನ್ ಪದ್ಧತಿ ಅಂತಲೇ ಗೊತ್ತು. ರಾಬರ್ಟ್ ಜಿ. ಬ್ರೌನ್ ಅಮೆರಿಕದವರು. ಸರಕು ದಾಸ್ತಾನಿನ ಬೇಡಿಕೆ ಅಂದಾಜು ಮಾಡಲು ಎಕ್ಸ್‌ಪೊನೆನ್ಶಿಯಲ್ ಸ್ಮೂದಿಂಗ್ ಬೆಳೆಸಿದವರು. 1963ರ ಅವರ ಪುಸ್ತಕ ಈ ಕ್ಷೇತ್ರದಲ್ಲಿ ಬಹಳ ಹೆಸರುವಾಸಿ. ಅವರ ಡಬಲ್ ಸ್ಮೂದಿಂಗ್‌ನಲ್ಲಿ ಇವತ್ತಿನ ಮಟ್ಟ ಮತ್ತು ದಿನದ ಏರಿಕೆ ಹೀಗೆ:

```
a = 2*S1 - S2
b = alpha/(1 - alpha) * (S1 - S2)
forecast(m) = a + b*m
```

S1 ಅನ್ನೋದು ನಿಮ್ಮ EMA1, S2 ಅನ್ನೋದು EMA2, m ಅನ್ನೋದು ಎಷ್ಟು ದಿನ ಮುಂದಿನ ಅಂದಾಜು ಅನ್ನೋದು. ಮೊದಲ ಸಾಲು ಡೆಮಾನೇ. ಸುಧಾ ಅವರ ಉದಾಹರಣೆಯಲ್ಲಿ b ಲೆಕ್ಕ ಹಾಕಿ: 0.2/0.8 ಅಂದರೆ 0.25, ಅದನ್ನು (116 - 112)ರಿಂದ ಗುಣಿಸಿದರೆ 1. ದಿನಕ್ಕೆ 1 ರೂಪಾಯಿ ಏರಿಕೆ ಅಂತ ಸರಿಯಾಗಿ ಬಂತು. ಶೇರು ಚಾರ್ಟ್‌ನಲ್ಲಿ ಈ b ಅನ್ನು ಯಾರೂ ನೋಡುವುದಿಲ್ಲ, ಅದು ನನಗೆ ಆಶ್ಚರ್ಯ. ಗೆರೆಯ ಓರೆ ನೋಡಬೇಕು ಅನ್ನುವವರಿಗೆ ಓರೆ ಅಲ್ಲೇ ಕೈಯಲ್ಲಿದೆ.

---

ಸುಧಾ_ಮೈಸೂರು

ಜಯಣ್ಣ ಸರ್, ಬಹಳ ಒಳ್ಳೆಯದಾಯಿತು ನೀವು ಬರೆದದ್ದು. ಡೆಮಾ, ಟೆಮಾ ಅನ್ನೋ ಹೆಸರಲ್ಲಿ ಇದನ್ನು ಶೇರು ಜಗತ್ತಿಗೆ ಕೊಟ್ಟದ್ದು ಪ್ಯಾಟ್ರಿಕ್ ಮಲ್ಲೋಯ್, 1994ರಲ್ಲಿ, ಅಮೆರಿಕದ ಒಂದು ಟೆಕ್ನಿಕಲ್ ಅನಾಲಿಸಿಸ್ ಮಾಸಪತ್ರಿಕೆಯ ಲೇಖನಗಳಲ್ಲಿ. ಅವರ ಉದ್ದೇಶ ಮುಂದಿನ ದಿನದ ಅಂದಾಜಲ್ಲ, ಎರಡು ಇಎಂಎಗಳ ಅಂತರ ನೋಡುವ ಎಂಎಸಿಡಿಯಂಥ ಲೆಕ್ಕಗಳಲ್ಲಿ ಇಎಂಎ ಜಾಗದಲ್ಲಿ ಕೂರುವ ವೇಗದ ಗೆರೆ.

ನಿಮ್ಮ ಕೆಲಸಕ್ಕೂ ಕಿರಣ್ ಕೆಲಸಕ್ಕೂ ಇರುವ ವ್ಯತ್ಯಾಸ ಹೇಳಲೇಬೇಕು. ನಿಮಗೆ ಬೇಕಾದದ್ದು ಇವತ್ತಿನ ಬೇಡಿಕೆ ಎಷ್ಟು ಅನ್ನೋ ಅಂಕಿ. ಬೇಡಿಕೆ ಏರುತ್ತಿರುವಾಗ ಇಎಂಎ ಪ್ರತಿ ತಿಂಗಳೂ ಕಮ್ಮಿ ಹೇಳುತ್ತದೆ, ಪ್ರತಿ ತಿಂಗಳೂ ಮಾಲು ಸಾಲದೆ ಬರುತ್ತದೆ. ಅಲ್ಲಿ ಡೆಮಾ ಬೇಕೇ ಬೇಕು. ಕಿರಣ್‌ಗೆ ಬೇಕಾದದ್ದು ಬೆಲೆ ಯಾವಾಗ ತಿರುಗಿತು ಅನ್ನೋ ದಿನ. ಈ ಎರಡನೇ ಪ್ರಶ್ನೆಗೆ ಡೆಮಾ ಅಷ್ಟು ಸಹಾಯ ಮಾಡುತ್ತದಾ ಅನ್ನೋದನ್ನು ಅಳೆದು ನೋಡಬೇಕು.

ಅಳೆಯೋಣ. ಡೆಮಾ 9 ಅನ್ನು ಇಎಂಎ 9ರ ಜೊತೆ ಹೋಲಿಸುವುದು ಸರಿಯಲ್ಲ ಅನ್ನೋದು ನನ್ನ ವಾದ. ಬೆಲೆ ನಿಂತಲ್ಲೇ ನಿಂತು ದಿನಕ್ಕೆ ಸರಾಸರಿ 1 ರೂಪಾಯಿಯಷ್ಟು ಆ ಕಡೆ ಈ ಕಡೆ ಕುಲುಕುತ್ತಿದೆ, ಒಂದು ದಿನದ ಕುಲುಕಾಟಕ್ಕೂ ಇನ್ನೊಂದು ದಿನದ್ದಕ್ಕೂ ಸಂಬಂಧ ಇಲ್ಲ ಅಂದುಕೊಳ್ಳಿ. ಇಎಂಎ 9 ಆ ಕುಲುಕಾಟವನ್ನು 33 ಪೈಸೆಗೆ ಇಳಿಸುತ್ತದೆ. ಡೆಮಾ 9 ಇಳಿಸೋದು 50 ಪೈಸೆಗೆ. ಟೆಮಾ 9 ಇಳಿಸೋದು 62 ಪೈಸೆಗೆ. ಅದೇ 50 ಪೈಸೆ ಕೊಡುವ ಸಾದಾ ಇಎಂಎ ಯಾವುದು? 4 ದಿನದ್ದು. ಆದ್ದರಿಂದ ಡೆಮಾ 9ರ ನಿಜವಾದ ಎದುರಾಳಿ ಇಎಂಎ 4.

ಈಗ ದಿನಕ್ಕೆ 1 ರೂಪಾಯಿ ಏರುತ್ತಾ ಬಂದ ಶೇರು 120 ಮುಟ್ಟಿ, ಮಾರನೇ ದಿನದಿಂದ ದಿನಕ್ಕೆ 1 ರೂಪಾಯಿ ಇಳಿಯಲು ಶುರು ಮಾಡಿತು ಅನ್ನಿ:

```
ದಿನ   ಬೆಲೆ    EMA 9    EMA 4    DEMA 9
 0   120   116.00   118.50   120.00
 1   119   116.60   118.70   120.28
 2   118   116.88   118.42   120.05
 3   117   116.90   117.85   119.46
 4   116   116.72   117.11   118.62
```

ಬೆಲೆ ಇಎಂಎ 9ರ ಕೆಳಗೆ ಬಂದದ್ದು 4ನೇ ದಿನ, 116ರಲ್ಲಿ. ಇಎಂಎ 4ರ ಕೆಳಗೆ ಬಂದದ್ದು 2ನೇ ದಿನ, 118ರಲ್ಲಿ. ಡೆಮಾ ಕೆಳಗೆ ಬಂದದ್ದು 1ನೇ ದಿನವೇ, ಆದರೆ ಅದಕ್ಕೆ ಕಾರಣ ಅದು ಬೆಲೆಯ ಮೇಲೇ ಕೂತಿತ್ತು. ಒಂದೇ ದಿನ ಬಿದ್ದು ಮತ್ತೆ ಏರಿದ್ದರೂ ಇದೇ ಸೂಚನೆ ಬರುತ್ತಿತ್ತು. ಗೆರೆಯ ಓರೆ ನೋಡಿ. ಇಎಂಎ 4 ಕೆಳಮುಖ ಆದದ್ದು 2ನೇ ದಿನ. ಡೆಮಾ 9 ಕೆಳಮುಖ ಆದದ್ದೂ 2ನೇ ದಿನ.

ಜಿಗಿತದ ಉದಾಹರಣೆಗೂ ಇಎಂಎ 4 ಹಾಕಿ ನೋಡಿದೆ. ಮೊದಲ ಮೂರು ದಿನ 104.00, 106.40, 107.84. ಡೆಮಾ 9 ಕೊಟ್ಟದ್ದು 103.60, 106.16, 107.95. ಹೆಚ್ಚುಕಮ್ಮಿ ಒಂದೇ. ಆಮೇಲೆ ಡೆಮಾ 110 ದಾಟಿ ಹೋಗುತ್ತದೆ, ಇಎಂಎ 4 ದಾಟುವುದಿಲ್ಲ.

---

ಕಿರಣ್_ತಿಪಟೂರು

ಮೇಡಂ, ಹಾಗಾದರೆ ನಾನು ಸುಮ್ನೆ ಇಎಂಎ 4 ಹಾಕಿಕೊಂಡರೆ ಸಾಕಾ? ಡೆಮಾ ಬೇಡವಾ?

---

ಸುಧಾ_ಮೈಸೂರು

ತಿರುವು ಹಿಡಿಯಬೇಕು ಅನ್ನೋದಷ್ಟೇ ನಿಮ್ಮ ಕೆಲಸ ಆಗಿದ್ದರೆ, ಇಎಂಎ 4 ಇಟ್ಟು ಮೊದಲು ನೋಡಿ ಅಂತೀನಿ. ಡೆಮಾ 9 ಹಾಕಿದಾಗ ನಿಮಗೆ ಕಂಡ ವೇಗದಲ್ಲಿ ಬಹುಪಾಲು ಕುಲುಕಾಟವನ್ನು ಒಪ್ಪಿಕೊಂಡಿದ್ದರಿಂದ ಬಂದದ್ದು. ಅದು ಚಿಕ್ಕ ಇಎಂಎನಲ್ಲೂ ಸಿಗುತ್ತದೆ.

ಡೆಮಾದಲ್ಲಿ ಮಾತ್ರ ಸಿಗೋದು ಒಂದು ವಿಷಯ: ನಡೆಯುತ್ತಿರುವ ಟ್ರೆಂಡ್‌ನಲ್ಲಿ ಗೆರೆಯ ಅಂಕಿ ಬೆಲೆಗಿಂತ ಹಿಂದೆ ಬೀಳಲ್ಲ. ಬೆಲೆ ತನ್ನ ಮಾಮೂಲಿ ದಾರಿಯಿಂದ ಎಷ್ಟು ದೂರ ಹೋಗಿದೆ ಅಂತ ಅಳೆಯುವವರಿಗೆ, ಗೆರೆಯ ಸುತ್ತ ಬ್ಯಾಂಡ್ ಹಾಕುವವರಿಗೆ ಅದು ನಿಜಕ್ಕೂ ಬೇಕು. ಇಎಂಎ ಸುತ್ತ ಬ್ಯಾಂಡ್ ಹಾಕಿದರೆ ಟ್ರೆಂಡ್ ಪೂರ್ತಿ ಬೆಲೆ ಮೇಲಿನ ಬ್ಯಾಂಡಿಗೆ ಒರಗಿಕೊಂಡೇ ಇರುತ್ತದೆ. ಡೆಮಾ ಸುತ್ತ ಹಾಕಿದರೆ ಮಧ್ಯದಲ್ಲಿ ಇರುತ್ತದೆ.

---

ಬಸವರಾಜ_ಹುಬ್ಬಳ್ಳಿ

ಮೇಡಂ, ನಿಮ್ಮ ಲೆಕ್ಕ ಒಪ್ಪಿದೆ, ಆದ್ರೆ ಒಂದು ಮಾತು. ನೀವು ಕುಲುಕಾಟ ಅಂತ ಹಿಡಿದದ್ದು ದಿನದಿನಕ್ಕೆ ಸಂಬಂಧ ಇಲ್ಲದ್ದು. ಹದಿನೈದು ನಿಮಿಷದ ಚಾರ್ಟ್‌ನಲ್ಲಿ ಬೆಲೆ ಹಂಗೆ ಕುಲುಕಲ್ಲ. ಅಲ್ಲಿ ಹಿಂದಿನ ಕ್ಯಾಂಡಲ್ ಬೆಲೆ ಮೇಲೇ ಮುಂದಿನದು ನಿಂತಿರ್ತದೆ. ಅಂಥಾ ಕಡೆ ಡೆಮಾ 9 ಅಂದ್ರೆ ಇಎಂಎ 4 ಅನ್ನೋ ಲೆಕ್ಕ ನಡೀತದಾ?

---

ಸುಧಾ_ಮೈಸೂರು

ಇದು ಸರಿಯಾದ ಪ್ರಶ್ನೆ. ನಾನು ಹಾಕಿದ 33, 50, 62 ಪೈಸೆಯ ಲೆಕ್ಕ ಸಂಬಂಧವಿಲ್ಲದ ಕುಲುಕಾಟಕ್ಕೆ ಮಾತ್ರ. ನಿಜವಾದ ಬೆಲೆಯಲ್ಲಿ ಯಾವುದು ಕುಲುಕಾಟ, ಯಾವುದು ಚಲನೆ ಅಂತ ಬೇರೆ ಮಾಡೋದೇ ಕಷ್ಟ. ಹಾಗಾಗಿ ಎದುರಾಳಿ ಇಎಂಎ 4 ಆಗಬಹುದು, 5 ಆಗಬಹುದು. ಆದರೆ 9 ಅಂತೂ ಅಲ್ಲ. ನಿಮ್ಮ ಚಾರ್ಟ್‌ನಲ್ಲಿ ಪರೀಕ್ಷೆ ಮಾಡುವಾಗ ಟೆಮಾ 9ರ ಪಕ್ಕ ಇಎಂಎ 3 ಇಟ್ಟು ನೋಡಿ. ಎರಡಕ್ಕೂ ಒಂದೇ ನಿಯಮ, ಒಂದೇ ಬ್ರೋಕರೇಜ್ ಹಾಕಿ.

---

ವಿನಯ್_ಪೈಥಾನ್

ಬಸವರಾಜ ಅಣ್ಣ, ನಿಮ್ಮ ಹತ್ತಿರ ಹದಿನೈದು ನಿಮಿಷದ ಡೇಟಾ ಇದ್ದರೆ ಕಳಿಸಿ. ಟೆಮಾ 9, ಡೆಮಾ 9, ಇಎಂಎ 3, 4, 5 ಐದನ್ನೂ ಓರೆಯ ನಿಯಮದಲ್ಲಿ ಓಡಿಸಿ ಇಲ್ಲೇ ಹಾಕುತ್ತೇನೆ. ಮೊದಲ ನೂರು ಕ್ಯಾಂಡಲ್ ಬಿಟ್ಟು ಶುರು ಮಾಡ್ತೀನಿ.

---

ಬಸವರಾಜ_ಹುಬ್ಬಳ್ಳಿ

ಇದೆ, ಆರು ತಿಂಗಳದ್ದು. ಆದ್ರೆ ನನ್ನ ನಿಯಮ ಬೆಲೆ ದಾಟೋದು, ಓರೆ ಅಲ್ಲ. ಎರಡೂ ಓಡಿಸ್ರಿ. ಟೆಮಾ ಸೋತರೆ ಯಾವ ದಿನಗಳಲ್ಲಿ ಸೋತಿತು ಅಂತ ನೋಡಬೇಕು ನಾನು.

---

ಅಡಿಕೆ_ಸಾಗರ

ರಾಶಿ, ಬೆಟ್ಟೆ ಬೇರೆ ಕಾಲಂ ಮಾಡಿದೆ. ಗೆರೆ ಈಗ ಸಮಾಧಾನವಾಗಿ ಹೋಗುತ್ತಿದೆ. ಜಯಣ್ಣನವರೇ, ಆ b ಅನ್ನೋ ಅಂಕಿಯನ್ನೂ ಹಾಕಿದೆ. ರಾಶಿಗೆ ಮೂರು ವಾರದಿಂದ ಪ್ಲಸ್ ಇದ್ದದ್ದು ಸೊನ್ನೆ ಕಡೆಗೆ ಬರುತ್ತಿದೆ. ಮೈನಸ್ ಆಗುವವರೆಗೂ ಕಾಯಬೇಕಾ, ಈಗಲೇ ಸ್ವಲ್ಪ ಹಾಕಬೇಕಾ?

---

ಜಯಣ್ಣ_ಸ್ಟೋರ್ಸ್

ಮಾರುವ ನಿರ್ಧಾರ ನಿಮ್ಮದು, ನಾನು ಹೇಳಲಾರೆ. ಆದರೆ ಒಂದು ನೋಡಿಕೊಳ್ಳಿ. ಬೆಲೆ ಜಿಗಿದು ನಿಂತ ಮೇಲೂ b ಕೆಲವು ವಹಿವಾಟು ಪ್ಲಸ್ ಇದ್ದು ನಿಧಾನವಾಗಿ ಸೊನ್ನೆಗೆ ಬರುತ್ತದೆ. ಹಾಗಾಗಿ ಅದು ಇಳಿಯುತ್ತಿದೆ ಅಂದ ಮಾತ್ರಕ್ಕೆ ದರ ಬೀಳುತ್ತದೆ ಅಂತಲ್ಲ, ಏರಿಕೆ ನಿಂತಿದೆ ಅಂತಲೂ ಆಗಬಹುದು. ಮೂರು ವಾರದ ಹಿಂದೆ ಒಂದೇ ದಿನ ದೊಡ್ಡ ಏರಿಕೆ ಆಗಿತ್ತಾ, ಅಥವಾ ದಿನಾ ಸ್ವಲ್ಪ ಸ್ವಲ್ಪ ಏರಿತ್ತಾ? ಆ ಕಾಲಂ ಒಮ್ಮೆ ನೋಡಿ ಹೇಳಿ.